‘ಓದಿ ನೋಡುವುದು’, ‘ಓದಿಸಿ ನೋಡುವುದು’: ಕರಡನ್ನು ಬಾಯಿಬಿಟ್ಟು ಓದುವ ಕೆಲಸಕ್ಕೆ ಕನ್ನಡದ ಪದ ಯಾವುದು?

ತೀರ್ಥಹಳ್ಳಿಯಿಂದ, ಪ್ರಶ್ನೆ

ಮಾನ್ಯರೆ,

ನಮ್ಮ ಊರಿನ ಅಡಿಕೆ ಬೆಳೆಗಾರರಿಗಾಗಿ ಪ್ರತಿವರ್ಷ ಮಳೆಗಾಲಕ್ಕೆ ಮುಂಚೆ ಒಂದು ಚಿಕ್ಕ ಕೈಪಿಡಿಯನ್ನು ಹೊರತರುತ್ತೇವೆ. ಅದರ ಬರಹವನ್ನು ತಿದ್ದುವ ಹೊಣೆ ನನ್ನದು. ಈ ಸಲ ಕರಡನ್ನು ನಾನು ಮೂರು ಬಾರಿ ಮನಸ್ಸಿನಲ್ಲಿಯೇ ಓದಿ, ತಪ್ಪಿಲ್ಲವೆಂದು ನಂಬಿ, ಅಚ್ಚಿಗೆ ಕೊಡುವ ಹಿಂದಿನ ಸಂಜೆ ಜಗಲಿಯಲ್ಲಿ ಕುಳಿತಿದ್ದ ನನ್ನ ಅತ್ತಿಗೆಯ ಕೈಗೆ ಕೊಟ್ಟು, ಗಟ್ಟಿಯಾಗಿ ಓದಬೇಕೆಂದು ಕೇಳಿಕೊಂಡೆ. ಅವರು ಎಡವಿದ ವಾಕ್ಯವನ್ನು ಇದ್ದಂತೆಯೇ ಕೊಡುತ್ತೇನೆ:

“ಮಳೆಗಾಲ ಆರಂಭವಾಗುವುದಕ್ಕೂ ಮುನ್ನ ಮೊದಲ ಸಲ ಶೇ. 1ರ ಬೋರ್ಡೋ ದ್ರಾವಣವನ್ನು ಸಿಂಪಡಿಸಿ, ಆ ಬಳಿಕ ಮಳೆ ಬಿಡುವು ಕೊಟ್ಟ ದಿನಗಳನ್ನು ನೋಡಿಕೊಂಡು 40ರಿಂದ 45 ದಿನಗಳ ಅಂತರದಲ್ಲಿ ಎರಡನೆಯ ಸಲ ಸಿಂಪಡಿಸುವುದನ್ನು ತಪ್ಪಿಸಿದ, ಬಸಿಗಾಲುವೆಯನ್ನು ಸ್ವಚ್ಛಗೊಳಿಸದೆ ನೀರು ನಿಲ್ಲಲು ಬಿಟ್ಟ ಬೆಳೆಗಾರರ ತೋಟಗಳಲ್ಲಿ ಕೊಳೆರೋಗದ ಪ್ರಮಾಣ ಹೆಚ್ಚುವುದನ್ನು ನಾವು ಕಂಡಿದ್ದೇವೆ.”

ಅತ್ತಿಗೆ ‘ಸಿಂಪಡಿಸಿ’ ಎಂಬಲ್ಲಿ ದನಿ ಇಳಿಸಿ ನಿಲ್ಲಿಸಿದರು. ಅದನ್ನು ಅವರು ‘ನೀವು ಸಿಂಪಡಿಸಿರಿ’ ಎಂಬ ಸೂಚನೆಯಾಗಿ ತೆಗೆದುಕೊಂಡಿದ್ದರು. ‘ತಪ್ಪಿಸಿದ’ ಎಂಬಲ್ಲಿಗೆ ಬಂದಾಗ ಉಸಿರು ಮುಗಿದಿತ್ತು, ಅರ್ಥವೂ ಕೈಬಿಟ್ಟಿತ್ತು. ವಾಕ್ಯದ ಮೊದಲಿಗೆ ಹೋಗಿ ಮತ್ತೆ ಓದಿದರು. ಕೊನೆಗೆ, “ಕೊಳೆ ಬಂದದ್ದು ಮೊದಲನೆಯದನ್ನು ಹೊಡೆದವರ ತೋಟಕ್ಕೋ, ಎರಡನ್ನೂ ಹೊಡೆಯದವರ ತೋಟಕ್ಕೋ?” ಎಂದು ಕೇಳಿದರು. ಬರೆದವನಾದ ನನಗೆ ಉತ್ತರ ತಿಳಿದಿತ್ತು, ಆದರೆ ಅದು ವಾಕ್ಯದಲ್ಲಿ ಇರಲಿಲ್ಲ.

ಇನ್ನೊಂದು ಕಡೆ “ವೈಶಿಷ್ಟ್ಯಗಳ ಸ್ಪಷ್ಟೀಕರಣ” ಎಂಬ ಉಪಶೀರ್ಷಿಕೆಯಲ್ಲಿ ಅವರ ನಾಲಿಗೆ ಹೊರಳಲಿಲ್ಲ. ‘ವೈಶಿಷ್ಟಗಳ’ ಎಂದು ಓದಿ ಮುಂದೆ ಹೋದರು.

ನನ್ನ ಪ್ರಶ್ನೆ ಪದಗಳನ್ನು ಕುರಿತದ್ದು. ದೋಷ ಹುಡುಕುವುದಕ್ಕಾಗಿಯೇ ಕರಡನ್ನು ಬಾಯಿಬಿಟ್ಟು ಓದುವ ಈ ಕೆಲಸಕ್ಕೆ ಕನ್ನಡದಲ್ಲಿ ನೆಲೆಯಾದ ಪದವಿದೆಯೆ? ‘ವಾಚನ’ ಎಂದರೆ ಕವಿಗೋಷ್ಠಿಯ ನೆನಪಾಗುತ್ತದೆ, ‘ಗಟ್ಟಿ ಓದು’ ಎಂದರೆ ಶಾಲೆಯ ನೆನಪಾಗುತ್ತದೆ. ಉಸಿರು ಸಾಲದಂತೆ ಮಾಡುವ ವಾಕ್ಯವನ್ನು ‘ಏದುಸಿರಿನ ವಾಕ್ಯ’ ಎನ್ನಬಹುದೆ? ‘ಷ್ಟ್ಯ’, ‘ಸ್ಪ’, ‘ಷ್ಟೀ’ ಹೀಗೆ ಒತ್ತಕ್ಷರಗಳು ಒಂದರ ಮೇಲೊಂದು ಬೀಳುವುದಕ್ಕೆ ಏನೆನ್ನಬೇಕು?

ಸಾಗರದಿಂದ, ನಿವೃತ್ತ ಕನ್ನಡ ಅಧ್ಯಾಪಕಿ

ಕೊನೆಯ ಪ್ರಶ್ನೆಗೆ ಉತ್ತರ ನಮ್ಮ ಕಾವ್ಯಶಾಸ್ತ್ರದಲ್ಲಿಯೇ ಇದೆ. ಕಿವಿಗೆ ಒರಟಾಗಿ ಕೇಳುವ ಪದಜೋಡಣೆಯನ್ನು ಹಳಬರು ‘ಶ್ರುತಿದುಷ್ಟ’ ಎಂದು ಕರೆದಿದ್ದಾರೆ, ಅದನ್ನೇ ಬಳಸಬಹುದು. ಮೊದಲ ಪ್ರಶ್ನೆಗೆ ‘ಗಟ್ಟಿ ಓದು’ ಸಾಕೆಂದು ನನ್ನ ಅಭಿಪ್ರಾಯ. ಶಾಲೆಯ ನೆನಪು ಬಂದರೆ ಅದು ಪದದ ದೋಷವಲ್ಲ. ನಿಮ್ಮ ವಾಕ್ಯದ ಮಟ್ಟಿಗೆ ಹೇಳುವುದಾದರೆ, ಒಂದು ಉಸಿರಿಗೆ ಒಂದು ವಾಕ್ಯ ಎಂಬ ನಿಯಮ ಇಟ್ಟುಕೊಂಡರೆ ತೊಂದರೆ ಬರುವುದಿಲ್ಲ. ಉದ್ದದ ವಾಕ್ಯಗಳನ್ನೆಲ್ಲ ಕತ್ತರಿಸಿ ಎರಡು ಮೂರು ಮಾಡಿರಿ.

ಹೊಸನಗರದಿಂದ, ಹಿಂದೆ ಮುದ್ರಣಾಲಯದಲ್ಲಿ ಇದ್ದವರು

ಈ ಕೆಲಸವನ್ನು ನಾವು ವರ್ಷಗಟ್ಟಲೆ ಮಾಡಿದ್ದೇವೆ. ಮೊಳೆ ಜೋಡಿಸುತ್ತಿದ್ದ ಕಾಲದಲ್ಲಿ ಪ್ರೂಫ್ ನೋಡಲು ಇಬ್ಬರು ಕುಳಿತುಕೊಳ್ಳುತ್ತಿದ್ದೆವು. ಒಬ್ಬರು ಹಸ್ತಪ್ರತಿಯನ್ನು ಗಟ್ಟಿಯಾಗಿ ಓದುತ್ತಿದ್ದರು, ಇನ್ನೊಬ್ಬರು ಅಚ್ಚಾದ ಹಾಳೆಯ ಮೇಲೆ ಕಣ್ಣಿಟ್ಟಿರುತ್ತಿದ್ದರು. ‘ಕಾಮಾ’, ‘ಪೂರ್ಣವಿರಾಮ’, ‘ಹೊಸ ಪ್ಯಾರಾ’ ಎಂಬುದನ್ನು ಕೂಡ ಬಾಯಲ್ಲಿ ಹೇಳಬೇಕಾಗಿತ್ತು. ನಾನು ಓದುವಾಗ ಏರಿಳಿತವೇ ಇರುತ್ತಿರಲಿಲ್ಲ, ಇದ್ದರೆ ಕೇಳುವವರ ಗಮನ ಅರ್ಥದ ಕಡೆ ಹೋಗಿ ಅಕ್ಷರ ತಪ್ಪಿಹೋಗುತ್ತಿತ್ತು. ಇದಕ್ಕೆ ‘ಪ್ರೂಫ್ ಓದುವುದು’ ಎಂದೇ ಹೆಸರು, ಹೊಸ ಪದ ಏಕೆ ಬೇಕೋ ತಿಳಿಯಲಿಲ್ಲ. ನನ್ನ ಕೈಯಲ್ಲಿ ಒಮ್ಮೆ ಮದುವೆಯ ಕರೆಯೋಲೆಯೊಂದರಲ್ಲಿ ವರನ ಊರಿನ ಹೆಸರಿನಿಂದ ಒಂದು ಅಕ್ಷರವೇ ಬಿಟ್ಟುಹೋಗಿತ್ತು. ಇಬ್ಬರು ಕುಳಿತು ಓದಿದ್ದರೆ ಅದು ಸಿಕ್ಕುತ್ತಿತ್ತು ಎಂಬ ನೋವು ಇಂದಿಗೂ ಇದೆ.

ಶಿವಮೊಗ್ಗದಿಂದ, ಗಮಕದ ಅಭ್ಯಾಸವುಳ್ಳ ಸಂಪಾದಕಿ

ಮುದ್ರಣಾಲಯದ ಹಿರಿಯರು ಹೇಳಿದ ಓದು ಬೇರೆಯ ಕೆಲಸ. ಅದು ಹಸ್ತಪ್ರತಿಯಲ್ಲಿ ಇದ್ದದ್ದು ಅಚ್ಚಿನಲ್ಲಿ ಬಂದಿದೆಯೆ ಎಂದು ತಾಳೆ ನೋಡುವ ಓದು, ಹಸ್ತಪ್ರತಿಯ ವಾಕ್ಯವೇ ಕೆಟ್ಟದ್ದಾಗಿದ್ದರೆ ಅದನ್ನು ಆ ಓದು ಮುಟ್ಟುವುದಿಲ್ಲ. ಆದರೆ ಏರಿಳಿತ ಬಿಟ್ಟು ಓದುತ್ತಿದ್ದೆವು ಎಂಬ ಅವರ ಮಾತು ನಮಗೆ ಬಹಳ ಉಪಯುಕ್ತವಾದದ್ದು, ಏಕೆಂದರೆ ತೀರ್ಥಹಳ್ಳಿಯವರ ಅತ್ತಿಗೆ ದೋಷವನ್ನು ಹಿಡಿದದ್ದು ಏರಿಳಿತದಿಂದಲೇ.

‘ಮಾಡಿ’, ‘ಹಾಕಿ’, ‘ಸಿಂಪಡಿಸಿ’ ಮೊದಲಾದ ರೂಪಗಳು ಕನ್ನಡದಲ್ಲಿ ಎರಡು ಕೆಲಸ ಮಾಡುತ್ತವೆ. ‘ಮಾಡಿ ಬಂದನು’ ಎಂಬಲ್ಲಿ ಅದು ಮುಂದಿನ ಕ್ರಿಯೆಗೆ ಕಾಯುವ ರೂಪ, ‘ದಯವಿಟ್ಟು ಮಾಡಿ’ ಎಂಬಲ್ಲಿ ಅದು ವಾಕ್ಯವನ್ನೇ ಮುಗಿಸುವ ರೂಪ. ‘ಬರೆದು–ಬರೆಯಿರಿ’, ‘ತೊಳೆದು–ತೊಳೆಯಿರಿ’ ಎಂಬಂಥವುಗಳಲ್ಲಿ ಈ ಗೊಂದಲವಿಲ್ಲ. ಬರಹದಲ್ಲಿ ಎರಡು ಅರ್ಥಕ್ಕೂ ಒಂದೇ ಅಕ್ಷರಗಳಿದ್ದರೂ ಬಾಯಿಗೆ ಅವೆರಡೂ ಬೇರೆ. ಕಾಯುವ ರೂಪದಲ್ಲಿ ದನಿ ಮೇಲೆಯೇ ನಿಲ್ಲುತ್ತದೆ, ಮುಗಿಸುವ ರೂಪದಲ್ಲಿ ಕೆಳಗೆ ಇಳಿಯುತ್ತದೆ. ಮೌನವಾಗಿ ಓದುವವರು ಈ ನಿರ್ಧಾರವನ್ನು ಮುಂದಕ್ಕೆ ಹಾಕಿ ಸಾಗಬಹುದು. ಗಟ್ಟಿಯಾಗಿ ಓದುವವರ ಕಣ್ಣು ದನಿಗಿಂತ ನಾಲ್ಕಾರು ಪದ ಮಾತ್ರ ಮುಂದಿರುವುದರಿಂದ ಅಲ್ಲಿಯೇ ನಿರ್ಧರಿಸಬೇಕಾಗುತ್ತದೆ. ಕೈಪಿಡಿಯಲ್ಲಿ ಸೂಚನೆಗಳೇ ಹೆಚ್ಚಾಗಿರುವುದರಿಂದ ಅತ್ತಿಗೆಯವರು ಅದನ್ನು ಸೂಚನೆಯೆಂದುಕೊಂಡದ್ದು ಸಹಜ. ದೋಷ ಅವರದಲ್ಲ, ಅಲ್ಪವಿರಾಮ ಅದನ್ನು ತಡೆಯಲಾರದು.

ಉದ್ದದ ವಾಕ್ಯಗಳನ್ನೆಲ್ಲ ಕತ್ತರಿಸಬೇಕೆಂಬ ಸಾಗರದ ಅಧ್ಯಾಪಕಿಯವರ ಸಲಹೆಯನ್ನು ನಾನು ಪೂರ್ತಿ ಒಪ್ಪಲಾರೆ. ‘ಎದ್ದು, ಮುಖ ತೊಳೆದು, ಕೊಟ್ಟಿಗೆಗೆ ಹೋಗಿ, ಹಾಲು ಕರೆದು, ಡೇರಿಗೆ ಕೊಟ್ಟು ಬಂದರು’ ಎಂಬ ವಾಕ್ಯವನ್ನು ಇನ್ನೂ ಇಷ್ಟೇ ಬೆಳೆಸಿದರೂ ಯಾರೂ ಎಡವುವುದಿಲ್ಲ. ಪ್ರತಿ ಕ್ರಿಯೆಯ ಕೊನೆಯಲ್ಲಿ ಉಸಿರಿಗೆ ಜಾಗವಿದೆ, ಅಲ್ಲಿಯವರೆಗೆ ಕೇಳಿದ್ದು ಅಲ್ಲಿಗೆ ಅರ್ಥವಾಗಿಬಿಡುತ್ತದೆ. ನಿಮ್ಮ ವಾಕ್ಯದಲ್ಲಿ ‘ತಪ್ಪಿಸಿದ’, ‘ಬಿಟ್ಟ’ ಎಂಬ ವಿಶೇಷಣಗಳು ಮೊದಲು ಬಂದು, ಅವು ಯಾರಿಗೆ ಸೇರಿದವು ಎಂಬುದು ‘ಬೆಳೆಗಾರರ’ ಎಂಬ ಪದ ಬರುವವರೆಗೂ ತಿಳಿಯುವುದಿಲ್ಲ. ಅಲ್ಲಿಯತನಕ ಓದುವವರು ಎಲ್ಲವನ್ನೂ ತಲೆಯ ಮೇಲೆ ಹೊತ್ತಿರಬೇಕು, ನಡುವೆ ಎಲ್ಲಿ ಉಸಿರು ತೆಗೆದರೂ ಹೊರೆ ಜಾರುತ್ತದೆ. ಆದ್ದರಿಂದ ಎಣಿಸಬೇಕಾದದ್ದು ಪದಗಳನ್ನಲ್ಲ, ನಾಮಪದಕ್ಕಾಗಿ ಕಾಯುವ ದೂರವನ್ನು.

‘ಶ್ರುತಿದುಷ್ಟ’ದ ವಿಷಯದಲ್ಲಿ ಒಂದು ತಿದ್ದುಪಡಿ. ಭಾಮಹನ ಕಾವ್ಯಾಲಂಕಾರದಲ್ಲಿ ಶ್ರುತಿದುಷ್ಟ ಎಂದರೆ ಕೇಳಿದಾಗ ಅಸಭ್ಯವಾಗಿ ತೋರುವ ಪದ. ಕಿವಿಗೆ ಒರಟಾದದ್ದಕ್ಕೆ ಅವನು ‘ಶ್ರುತಿಕಷ್ಟ’ ಎಂಬ ಬೇರೆ ಹೆಸರು ಕೊಟ್ಟಿದ್ದಾನೆ. ಮಮ್ಮಟನ ಕಾವ್ಯಪ್ರಕಾಶದ ಪದದೋಷಗಳ ಪಟ್ಟಿ ಆರಂಭವಾಗುವುದೇ ‘ಶ್ರುತಿಕಟು’ವಿನಿಂದ. ಆದರೆ ಇವೆಲ್ಲ ಕಿವಿಯ ಕಡೆಯ ಪದಗಳು. ‘ವೈಶಿಷ್ಟ್ಯಗಳ ಸ್ಪಷ್ಟೀಕರಣ’ ಕೇಳಲು ಅಷ್ಟೇನೂ ಕರ್ಕಶವಾಗಿಲ್ಲ, ತೊಂದರೆಯಾದದ್ದು ನಾಲಿಗೆಗೆ. ‘ಷ್ಟ್ಯ’ದಲ್ಲಿ ಮಡಿಚಿದ ನಾಲಿಗೆಯನ್ನು ‘ಸ್ಪ’ಕ್ಕೆ ಹಲ್ಲಿನ ಕಡೆ ತಂದು, ಮರುಕ್ಷಣವೇ ‘ಷ್ಟೀ’ಗೆ ಹಿಂದಕ್ಕೆ ಮಡಿಚಬೇಕು. ಎರಡೂ ಪದಗಳು ಬಿಡಿಯಾಗಿ ನಿರಪರಾಧಿಗಳೇ. ‘ನಾಲಿಗೆತೊಡಕು’ ಎಂದರೆ ಹೇಳಬೇಕಾದದ್ದನ್ನೇ ಹೇಳಿದಂತಾಗುತ್ತದೆ.

ಇನ್ನು ಮುಖ್ಯ ಪ್ರಶ್ನೆ. ‘ವಾಚನ’ ಬೇಡವೆನ್ನಲು ನನ್ನ ಕಾರಣ ಬೇರೆ. ತುಂಗೆಯ ದಡದ ಹೊಸಹಳ್ಳಿಯಲ್ಲಿ ಗಮಕ ಕೇಳಿದವರಿಗೆ ಗೊತ್ತಿರುವಂತೆ, ಗಮಕಿಯ ಕೈಯಲ್ಲಿರುವ ಪಾಠ ಬದಲಾಗುವುದಿಲ್ಲ. ಷಟ್ಪದಿಯ ಸಾಲು ಎಲ್ಲಿ ಮುರಿದರೂ ಅರ್ಥ ಎಲ್ಲಿ ನಿಲ್ಲುತ್ತದೆ ಎಂದು ಮೊದಲೇ ತಿಳಿದು, ಪದ ಬಿಡಿಸಿ, ರಾಗದ ನೆರವಿನಿಂದ ಅದನ್ನು ಕೇಳುವವರಿಗೆ ದಾಟಿಸುವುದು ಅವರ ವಿದ್ಯೆ. ಕರಡಿನ ಓದಿಗೆ ಆ ವಿದ್ಯೆ ಶತ್ರು. ಒಳ್ಳೆಯ ಓದುಗ ಕೆಟ್ಟ ವಾಕ್ಯವನ್ನೂ ಉಳಿಸಿಬಿಡುತ್ತಾನೆ. ನನ್ನ ಬರಹವನ್ನು ನಾನೇ ಗಟ್ಟಿಯಾಗಿ ಓದಿಕೊಂಡಾಗಲೂ ಆಗುವುದು ಅದೇ. ‘ಸಿಂಪಡಿಸಿ’ಯಲ್ಲಿ ದನಿ ಇಳಿಸಬಾರದೆಂದು ನನಗೆ ಮೊದಲೇ ತಿಳಿದಿರುತ್ತದೆ. ಆದ್ದರಿಂದ ನಾನು ಬರಹವನ್ನು ಮುಂಚೆ ನೋಡದವರ ಕೈಗೆ ಕೊಟ್ಟು, ಇನ್ನೊಂದು ಪ್ರತಿಯನ್ನು ಹಿಡಿದು ಸುಮ್ಮನೆ ಕುಳಿತುಕೊಳ್ಳುತ್ತೇನೆ. ಅವರು ಉಸಿರು ತೆಗೆದಲ್ಲಿ ಅಡ್ಡಗೆರೆ, ಹಿಂದಕ್ಕೆ ಹೋದಲ್ಲಿ ಸುತ್ತು, ಇಲ್ಲದ ಪದ ಓದಿದಲ್ಲಿ ಅಡಿಗೆರೆ ಹಾಕುತ್ತೇನೆ. ನಡುವೆ ವಿವರಿಸುವುದಿಲ್ಲ, ವಿವರಿಸಿದೊಡನೆ ಪರೀಕ್ಷೆ ಕೆಡುತ್ತದೆ. ಇಬ್ಬರಿಂದ ಓದಿಸಿದಾಗ ಇಬ್ಬರೂ ಒಂದೇ ಕಡೆ ಎಡವಿದರೆ ದೋಷ ವಾಕ್ಯದ್ದು, ಒಬ್ಬರೇ ಎಡವಿದ್ದರೆ ಅವರಿಗೆ ಆಯಾಸವಾಗಿರಲೂಬಹುದು.

ಈ ವ್ಯತ್ಯಾಸವನ್ನು ನಮ್ಮ ಭಾಷೆಯ ಒಂದು ‘ಇಸು’ ಹೇಳಿಬಿಡುತ್ತದೆ. ತಾನೇ ಮಾಡಿದರೆ ‘ಓದಿ ನೋಡುವುದು’, ಇನ್ನೊಬ್ಬರಿಂದ ಮಾಡಿಸಿದರೆ ‘ಓದಿಸಿ ನೋಡುವುದು’. ನನಗೆ ಬೇಕಾದದ್ದು ಎರಡನೆಯದು, ಅದಕ್ಕಿಂತ ಬೇರೆ ಪದ ಹುಡುಕುವ ಅಗತ್ಯ ನನಗೆ ಕಾಣುವುದಿಲ್ಲ.

ಸಾಗರದಿಂದ, ಮತ್ತೆ

ಶ್ರುತಿಕಷ್ಟದ ತಿದ್ದುಪಡಿಗೆ ವಂದನೆಗಳು, ನಾನು ಎರಡನ್ನೂ ಬೆರೆಸಿಕೊಂಡಿದ್ದೆ. ಆದರೆ ‘ಓದಿಸಿ ನೋಡುವುದು’ ಕ್ರಿಯೆಯಾಗಿ ಸೊಗಸಾಗಿದ್ದರೂ ಹೆಸರಾಗಿ ನಿಲ್ಲುವುದಿಲ್ಲ. ‘ಎರಡನೆಯ ಓದಿಸಿ ನೋಡುವುದರ ಅನಂತರ’ ಎಂದು ಯಾರಾದರೂ ಬರೆದರೆ ಅದನ್ನೇ ಮೊದಲು ತಿದ್ದಬೇಕಾದೀತು. ಹೆಸರಿಗೆ ‘ಗಟ್ಟಿ ಓದು’ ಇರಲಿ ಎಂಬ ನನ್ನ ಮಾತನ್ನು ನಾನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ‘ಏದುಸಿರು’ ಕೂಡ ನನಗೆ ಒಪ್ಪಿಗೆಯಿಲ್ಲ. ಏದುಸಿರು ಎಂದರೆ ಗುಡ್ಡ ಹತ್ತಿ ಬಂದವರ ಉಸಿರು, ಬಿಟ್ಟು ಬಿಟ್ಟು ಬರುವಂಥದ್ದು. ಬಿಡಿಬಿಡಿಯಾದ ಚಿಕ್ಕ ವಾಕ್ಯಗಳ ಸಾಲಿಗೆ ಅದು ಹೊಂದೀತು. ನಿಮ್ಮ ವಾಕ್ಯದಲ್ಲಿ ಉಸಿರಿಗೆ ಎಡೆಯೇ ಇಲ್ಲ, ಅದು ‘ಉಸಿರುಗಟ್ಟಿಸುವ ವಾಕ್ಯ’.

ತೀರ್ಥಹಳ್ಳಿಯಿಂದ

‘ಉಸಿರುಗಟ್ಟಿಸುವ’, ‘ನಾಲಿಗೆತೊಡಕು’ ಇವೆರಡನ್ನೂ ಸ್ವೀಕರಿಸಿದ್ದೇನೆ. ಹೆಸರಿನ ವಿಷಯದಲ್ಲಿ ನನ್ನ ಮನಸ್ಸು ಇನ್ನೂ ಎರಡು ಕಡೆ ಇದೆ. ಉಪಶೀರ್ಷಿಕೆ ಈಗ “ಕೊಳೆರೋಗ: ಕೆಲವು ವಿವರಣೆ” ಎಂದಾಗಿದೆ. ವಾಕ್ಯ ಹೀಗಾಯಿತು:

“ಬೋರ್ಡೋ ದ್ರಾವಣದ ಮೊದಲ ಸಿಂಪಡಣೆ ಮಳೆಗಾಲಕ್ಕೆ ಮುನ್ನವೇ ಆಗಬೇಕು. ಎರಡನೆಯದನ್ನು 40ರಿಂದ 45 ದಿನಗಳ ಅನಂತರ, ಮಳೆ ಬಿಡುವು ಕೊಟ್ಟ ದಿನ ನೋಡಿಕೊಂಡು ಮಾಡಬೇಕು. ಮೊದಲನೆಯದನ್ನು ಮಾಡಿದ್ದರೂ ಎರಡನೆಯದನ್ನು ಬಿಟ್ಟ ತೋಟಗಳಲ್ಲಿ, ಅದರಲ್ಲಿಯೂ ಬಸಿಗಾಲುವೆ ತೆಗೆಯದೆ ನೀರು ನಿಂತ ತೋಟಗಳಲ್ಲಿ, ಕೊಳೆ ಹೆಚ್ಚುವುದನ್ನು ನಾವು ಕಂಡಿದ್ದೇವೆ.”

ಅತ್ತಿಗೆಗೆ ಹಳೆಯ ವಾಕ್ಯ ನೆನಪಿರುವುದರಿಂದ ಈ ಸಲ ನಮ್ಮ ತೋಟಕ್ಕೆ ಔಷಧಿ ಹೊಡೆಯಲು ಬರುವ ಕೊನೆಗಾರರಿಂದ ಓದಿಸಿದೆ. ಅವರು ಎಲ್ಲಿಯೂ ಹಿಂದಕ್ಕೆ ಹೋಗಲಿಲ್ಲ. ‘ಸಿಂಪಡಣೆ’ ಎಂದು ಬರೆದಿದ್ದನ್ನು ಮಾತ್ರ ಅವರು ‘ಹೊಡೆಯೋದು’ ಎಂದು ಓದಿದರು. ಅದರ ಅಡಿಗೆ ಗೆರೆ ಹಾಕಿಟ್ಟಿದ್ದೇನೆ.