ರಾತ್ರಿ ಕ್ಯಾಮೆರಾಕ್ಕೆ ಸಿಕ್ಕಿದ್ದು ಚಿಪ್ಪುಹಂದಿಯೋ, ಮುಳ್ಳುಹಂದಿಯೋ, ಹೆಡ್ಜ್‌ಹಾಗೋ?

ಪ್ರಶ್ನೆ: ಮಧುಗಿರಿ ಕಡೆ ಗುಡ್ಡದ ಬುಡದಲ್ಲಿ ನಮ್ಮ ತೋಟವಿದೆ. ಬೇಲಿಯ ಕಲ್ಲುಕಂಬಕ್ಕೆ ಕಟ್ಟಿದ ಕ್ಯಾಮೆರಾದಲ್ಲಿ ಮೂರು ಕಪ್ಪು-ಬಿಳುಪು ಚಿತ್ರಗಳು ಬಂದಿವೆ. ಒಂದರಲ್ಲಿ ಪ್ರಾಣಿಯ ಹಿಂಭಾಗವೆಲ್ಲ ಬೆಳ್ಳಗೆ ಮಸುಕಾಗಿದೆ. ಎರಡನೆಯದರಲ್ಲಿ ಗೂನು ಬೆನ್ನು, ಉದ್ದ ಬಾಲ ಇದೆ, ತಲೆ ಬಂಡೆಯ ಮರೆಯಲ್ಲಿದೆ. ಮೂರನೆಯದು ಚಿಕ್ಕದು, ಮೈತುಂಬ ಮುಳ್ಳು. ಯಾವುದು ಏನೆಂದು ಹೇಗೆ ಗುರುತಿಸುವುದು? ಅನುಭವವಿದ್ದವರು ತಿಳಿಸಿ.

ತೀರ್ಥಹಳ್ಳಿಯ ಅಡಿಕೆ ಬೆಳೆಗಾರ: ಮುಳ್ಳುಹಂದಿಯೇ ಇರಬೇಕು ಸ್ವಾಮಿ, ನಮ್ಮಲ್ಲಿ ಅದರ ಕಾಟ ಹೇಳತೀರದು. ಸುವರ್ಣಗೆಡ್ಡೆಯನ್ನು ಅಗೆದು ತಿನ್ನುತ್ತದೆ, ಎಳೆಯ ತೆಂಗಿನ ಸಸಿಯ ಬುಡವನ್ನು ಕಡಿದು ಹಾಕುತ್ತದೆ. ಸಸಿಯ ಸುತ್ತ ತಗಡು ಕಟ್ಟಿದ ಮೇಲೆ ಸ್ವಲ್ಪ ಕಡಿಮೆಯಾಯಿತು. ನೀವೂ ತಗಡು ಕಟ್ಟಿ.

ಪ್ರಶ್ನೆ ಕೇಳಿದವರು: ಬೆಳೆಗೆ ಏನೂ ಆಗಿಲ್ಲ ಅಣ್ಣ. ಗುರುತಿಸುವುದಷ್ಟೇ ಬೇಕಾಗಿತ್ತು.

ಹಾಸನದ ಶಾಲಾ ಶಿಕ್ಷಕ: ತಲೆ ಕೆಡಿಸಿಕೊಳ್ಳಬೇಡಿ, ಸುಲಭದ ಗುರುತಿದೆ. ಚಿಪ್ಪುಹಂದಿ ಹೆದರಿದರೆ ಚೆಂಡಾಗಿ ಸುತ್ತಿಕೊಳ್ಳುತ್ತದೆ. ಸುತ್ತಿಕೊಂಡರೆ ಚಿಪ್ಪುಹಂದಿ, ಮುಳ್ಳು ನಿಮಿರಿಸಿ ನಿಂತರೆ ಮುಳ್ಳುಹಂದಿ. ಇನ್ನೊಂದು ಮಾತು, ಮುಳ್ಳುಹಂದಿ ಮುಳ್ಳನ್ನು ಬಾಣದಂತೆ ಎಸೆಯುತ್ತದೆ, ನಾಯಿಯನ್ನು ಹತ್ತಿರ ಬಿಡಬೇಡಿ.

ಬಂಡೀಪುರದ ಅಂಚಿನಲ್ಲಿ ಕ್ಯಾಮೆರಾ ಇಡುವ ಕೆಲಸದಲ್ಲಿರುವವರು: ಮೇಷ್ಟ್ರು ಹೇಳಿದ್ದರಲ್ಲಿ ಅರ್ಧ ಸರಿ. ಚಿಪ್ಪುಹಂದಿ ಸುತ್ತಿಕೊಳ್ಳುವುದು ನಿಜ, ಆದರೆ ಹೆಡ್ಜ್‌ಹಾಗ್ ಕೂಡ ಸುತ್ತಿಕೊಳ್ಳುತ್ತದೆ. ಸುತ್ತಿಕೊಳ್ಳದಿರುವುದು ಮುಳ್ಳುಹಂದಿ ಮಾತ್ರ. ಮುಳ್ಳನ್ನು ಅದು ಎಸೆಯುವುದೂ ಇಲ್ಲ. ಬೆನ್ನು ತಿರುಗಿಸಿ ಹಿಂದಕ್ಕೆ ನುಗ್ಗುತ್ತದೆ, ಸಡಿಲವಾಗಿರುವ ಮುಳ್ಳು ನಾಯಿಯ ಮುಖದಲ್ಲಿ ಉಳಿಯುತ್ತದೆ. ನಾಯಿಯನ್ನು ದೂರವಿಡಿ ಎಂಬುದಂತೂ ಒಳ್ಳೆಯ ಸಲಹೆ.

ಈಗ ಚಿತ್ರಗಳಿಗೆ ಬರುತ್ತೇನೆ. ಕತ್ತಲೆಯ ಚಿತ್ರದಲ್ಲಿ ನಾನು ಮೊದಲು ನೋಡುವುದು ಬಾಲವನ್ನು. ಮುಖ ಸಿಗುವುದು ಅಪರೂಪ, ಕ್ಯಾಮೆರಾ ಎಚ್ಚೆತ್ತುಕೊಳ್ಳುವಷ್ಟರಲ್ಲಿ ಪ್ರಾಣಿ ಅರ್ಧ ದಾಟಿರುತ್ತದೆ. ನಿಮ್ಮ ಎರಡನೆಯ ಚಿತ್ರದಲ್ಲಿ ಬಾಲ ಎಲ್ಲಿ ಶುರುವಾಗುತ್ತದೆಂದು ಬೆರಳಿಟ್ಟು ತೋರಿಸಲು ಆಗುವುದಿಲ್ಲ. ಸೊಂಟದಷ್ಟೇ ದಪ್ಪವಾಗಿ ಹೊರಟು ನಿಧಾನವಾಗಿ ಸಣ್ಣಗಾಗಿದೆ. ನಮ್ಮ ಚಿಪ್ಪುಹಂದಿಯ ಬಾಲವೇ ಹಾಗೆ, ತಲೆ-ಮೈ ಉದ್ದದ ಅರ್ಧಕ್ಕಿಂತ ಹೆಚ್ಚು. ಪುನುಗುಬೆಕ್ಕಿಗೂ ಉದ್ದ ಬಾಲವಿದೆ, ಆದರೆ ಅದು ಮೈಗೆ ಅಂಟಿಸಿದಂತೆ ಬೇರೆಯಾಗಿ ಕಾಣುತ್ತದೆ. ಮುಂಗಾಲನ್ನೂ ನೋಡಿ. ಉಗುರನ್ನು ಒಳಕ್ಕೆ ಮಡಚಿ, ಗೆಣ್ಣಿನ ಮೇಲೆ ಊರಿದೆ. ಹೀಗೆ ನಡೆಯುವುದರಿಂದಲೇ ಬೆನ್ನು ಗೂನಾಗಿ ಕಾಣುವುದು.

ಪ್ರಶ್ನೆ ಕೇಳಿದವರು: ಆದರೆ ಚಿಪ್ಪೇ ಕಾಣುತ್ತಿಲ್ಲವಲ್ಲ? ಮೈ ಬೂದು ಬಣ್ಣದಲ್ಲಿ ನುಣುಪಾಗಿದೆ.

ಬಂಡೀಪುರದವರು: ಇನ್‌ಫ್ರಾರೆಡ್ ಬೆಳಕಿನಲ್ಲಿ ಅದು ಸಾಮಾನ್ಯ. ಬಿಲದಿಂದ ಎದ್ದು ಬಂದ ಪ್ರಾಣಿ, ಚಿಪ್ಪಿನ ಸಂದಿಗಳಲ್ಲಿ ಮಣ್ಣು ತುಂಬಿರುತ್ತದೆ. ಮೈಯ ನಡುವೆ ಹುಡುಕಬೇಡಿ, ಅಂಚನ್ನು ದೊಡ್ಡದು ಮಾಡಿ ನೋಡಿ. ಬಾಲದ ಪಕ್ಕದ ಗೆರೆ ನೇರವಾಗಿರದೆ, ಸೂರಿನ ಹೆಂಚಿನ ಸಾಲಿನಂತೆ ಮೆಟ್ಟಿಲು ಮೆಟ್ಟಿಲಾಗಿ ಇರುತ್ತದೆ. ಆ ಮೆಟ್ಟಿಲು ಕಂಡರೆ ನನಗೆ ಬೇರೆ ಸಾಕ್ಷಿ ಬೇಡ.

ಮೊದಲನೆಯದು ಇದಕ್ಕೆ ವಿರುದ್ಧ. ಮುಳ್ಳುಹಂದಿಯ ಮುಳ್ಳು ಕಪ್ಪು-ಬಿಳಿ ಪಟ್ಟೆಯದು, ಬಾಲದ ಬಳಿ ಬಿಳಿಯೇ ಹೆಚ್ಚು. ಹತ್ತಿರದಿಂದ ಬೆಳಕು ಬಿದ್ದರೆ ಆ ಬಿಳಿಯೆಲ್ಲ ಕರಗಿ ಒಂದೇ ಮುದ್ದೆಯಾಗುತ್ತದೆ. ಬಾಲ ಗಿಡ್ಡ, ಮುಳ್ಳಿನ ಅಡಿಯಲ್ಲಿ ಮುಚ್ಚಿಹೋಗುತ್ತದೆ. ಮುಂದಿನ ಅರ್ಧ ಕಪ್ಪಗೆ, ಹಿಂದಿನ ಅರ್ಧ ಬೆಳ್ಳಗೆ ಇದ್ದು, ಕತ್ತಿನ ಮೇಲೆ ಉದ್ದ ಕೂದಲು ಹಿಂದಕ್ಕೆ ಬಾಗಿದ್ದರೆ ಅನುಮಾನ ಬೇಡ.

ಸತ್ಯಮಂಗಲ ಕಡೆಯ ಕನ್ನಡಿಗರು: ಮೂರನೆಯದರ ಬಗ್ಗೆ ನಾನು ಹೇಳುತ್ತೇನೆ. ಇಲ್ಲಿಯವರು ಮುಳ್ಳೆಲಿ ಎನ್ನುವ ಹೆಡ್ಜ್‌ಹಾಗ್ ತಮಿಳುನಾಡಿನ ಒಣ ಬಯಲಿನಲ್ಲಿದೆ. ಮಳೆ ಬಿದ್ದ ರಾತ್ರಿ ರಸ್ತೆಯ ಬದಿಯಲ್ಲಿ ಹತ್ತಿರದಿಂದ ಒಂದನ್ನು ನೋಡಿದ್ದೇನೆ. ಅಂಗೈಯಲ್ಲಿ ಕೂರುವಷ್ಟು ಚಿಕ್ಕದು. ಬೆನ್ನಿನ ಮುಳ್ಳೆಲ್ಲ ಒಂದೇ ಅಳತೆಯಲ್ಲಿ ಕತ್ತರಿಸಿದಂತೆ ಗಿಡ್ಡ. ಹಣೆಯ ಬಳಿ ಮುಳ್ಳು ಒಮ್ಮೆಲೇ ನಿಂತು, ಅಲ್ಲಿಂದ ಕೆಳಗೆ ಮೆತ್ತನೆಯ ಕೂದಲಿನ ಮುಖ. ಮೂತಿ ಚೂಪು, ಒದ್ದೆ ಮೂಗು ಅಲ್ಲಾಡುತ್ತಲೇ ಇತ್ತು. ಕಿವಿ ಎದ್ದು ಕಾಣುತ್ತಿತ್ತು. ಬಾಲ ಇದೆಯೆಂದು ಹೇಳಿದರೆ ನಂಬಬೇಕು, ಅಷ್ಟೇ. ನಿಮ್ಮ ಚಿತ್ರದಲ್ಲಿ ಮೂತಿ ಚೂಪಾಗಿದೆಯೇ?

ಪ್ರಶ್ನೆ ಕೇಳಿದವರು: ಮೂತಿ ಆ ಕಡೆ ತಿರುಗಿದೆ ಅಕ್ಕ. ಹಿಂಭಾಗದ ಮುಳ್ಳು ಮಾತ್ರ ಮುಂದಿನದಕ್ಕಿಂತ ಉದ್ದವಾಗಿರುವಂತಿದೆ.

ಬಂಡೀಪುರದವರು: ಹಾಗಾದರೆ ಮುಳ್ಳುಹಂದಿಯ ಮರಿಯ ಕಡೆಗೇ ನನ್ನ ಒಲವು. ಹೆಡ್ಜ್‌ಹಾಗ್‌ಗೆ ಮುಳ್ಳು ಎಲ್ಲ ಕಡೆ ಒಂದೇ ಉದ್ದ. ಮರಿಯ ಮೂತಿ ಮೊಂಡು, ತುಟಿ ದಪ್ಪ, ಬೀಸಣಿಗೆಯಷ್ಟು ಅಗಲ ಮೀಸೆ. ಆದರೆ ಒಂದೇ ಚಿತ್ರದಲ್ಲಿ ಗಾತ್ರವನ್ನು ಕಣ್ಣಳತೆಯಿಂದ ಹೇಳಲು ಹೋಗಬೇಡಿ, ಹತ್ತಿರ ಬಂದ ಮರಿ ದೂರದ ದೊಡ್ಡದರಷ್ಟು ಕಾಣುತ್ತದೆ. ಕ್ಯಾಮೆರಾ ಅಲುಗಾಡಿಸದೆ ಹೀಗೆ ಮಾಡಿ: ಹತ್ತು ಸೆಂಟಿಮೀಟರಿಗೊಂದು ಬಿಳಿ ಪಟ್ಟಿ ಸುತ್ತಿದ ಕೋಲನ್ನು ಪ್ರಾಣಿ ನಿಂತಿದ್ದ ಜಾಗದಲ್ಲೇ ನೆಲಕ್ಕೆ ಮಲಗಿಸಿ, ಅದೇ ಕ್ಯಾಮೆರಾದಲ್ಲಿ ಚಿತ್ರ ತೆಗೆಯಿರಿ. ಎರಡನ್ನೂ ಅಕ್ಕಪಕ್ಕ ಇಟ್ಟು ಅಳೆಯಿರಿ. ಇಪ್ಪತ್ತೈದು ಸೆಂಟಿಮೀಟರ್ ದಾಟಿದರೆ ನಮ್ಮ ದೇಶದ ಹೆಡ್ಜ್‌ಹಾಗ್‌ಗೆ ಅದು ತೀರ ಹೆಚ್ಚು.

ಮಂಗಳೂರಿನ ಓದುಗರು: ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಎರಡನೆಯ ಚಿತ್ರ ಚಿಪ್ಪುಹಂದಿಯಾದರೆ ತೋಟದ ಜಾಗ ಬರೆಯಬಾರದಿತ್ತು. ಮೊಬೈಲಿನಿಂದ ತೆಗೆದ ಚಿತ್ರದೊಳಗೆ ಸ್ಥಳದ ಗುರುತೂ ಇರಬಹುದು. ಚಿಪ್ಪಿಗಾಗಿ ಹಿಡಿಯುವವರು ಇಂಥ ಮಾತನ್ನೇ ಕಾಯುತ್ತಿರುತ್ತಾರೆ. 1972ರ ವನ್ಯಜೀವಿ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿದೆ, ಅಂತಾರಾಷ್ಟ್ರೀಯ ವ್ಯಾಪಾರದ ಮೇಲೂ 2016ರಲ್ಲಿ ನಿಷೇಧದ ತೀರ್ಮಾನವಾಯಿತು, ಆದರೂ ಕಳ್ಳಸಾಗಣೆ ನಿಂತಿಲ್ಲ.

ಪ್ರಶ್ನೆ ಕೇಳಿದವರು: ಒಪ್ಪಿದೆ, ಮೇಲಿನದನ್ನು ತಿದ್ದಲು ಬರುತ್ತಿಲ್ಲ, ಇನ್ನು ಮುಂದೆ ಊರು ಹೇಳುವುದಿಲ್ಲ. ಕೋಲಿನ ಅಳತೆ ಮಾಡಿದೆ. ಎರಡನೆಯದು ಕಾಣುವಷ್ಟು ಭಾಗವೇ ಎಂಬತ್ತು ಸೆಂಟಿಮೀಟರ್ ಬರುತ್ತದೆ, ಬಾಲದ ಅಂಚಿನಲ್ಲಿ ಮೆಟ್ಟಿಲೂ ಕಂಡಿತು. ಮೂರನೆಯದು ಸುಮಾರು ಮೂವತ್ತು. ಆದರೆ ಅದು ನಿಂತಿದ್ದ ಜಾಗ ಖಚಿತವಿಲ್ಲ, ಹುಲ್ಲು ಅಡ್ಡವಿದೆ.

ಸತ್ಯಮಂಗಲ ಕಡೆಯವರು: ಕೋಲು ಪ್ರಾಣಿಗಿಂತ ಒಂದು ಗೇಣು ಹಿಂದೆ ಬಿದ್ದಿದ್ದರೂ ಲೆಕ್ಕ ತಪ್ಪುತ್ತದೆ. ಪ್ರಾಣಿ ಕ್ಯಾಮೆರಾಕ್ಕೆ ಹತ್ತಿರವಿದ್ದಷ್ಟೂ ನಿಮ್ಮ ಮೂವತ್ತು ಕಡಿಮೆಯಾಗುತ್ತದೆ. ನಾನು ಹೆಡ್ಜ್‌ಹಾಗ್‌ನ ಆಸೆ ಬಿಟ್ಟಿಲ್ಲ.

ಬಂಡೀಪುರದವರು: ಬಿಡಬೇಕಾಗಿಯೂ ಇಲ್ಲ. ಕ್ಯಾಮೆರಾವನ್ನು ಮೊಣಕಾಲಿಗಿಂತ ಕೆಳಗೆ ಇಳಿಸಿ, ಎದುರಿನ ಹುಲ್ಲು ಸವರಿ, ಒಂದು ಚಿತ್ರದ ಬದಲು ಮೂರು ಸತತವಾಗಿ ಬರುವಂತೆ ಇಡಿ. ಮರಿಯಾದರೆ ತಾಯಿ-ತಂದೆ ಹಿಂದೆಯೋ ಮುಂದೆಯೋ ಇರುವುದು ವಾಡಿಕೆ, ಅದೂ ಸಿಗಬಹುದು. ಬೆಳಿಗ್ಗೆ ನೆಲದಲ್ಲಿ ಉದುರಿದ ಮುಳ್ಳು ಹುಡುಕಿ. ಕೈಯುದ್ದದ ಪಟ್ಟೆ ಮುಳ್ಳು ಸಿಕ್ಕರೆ ಮುಳ್ಳುಹಂದಿ ಅಲ್ಲಿ ಓಡಾಡಿದೆ. ಹೆಡ್ಜ್‌ಹಾಗ್ ಹಾಗೆ ಮುಳ್ಳು ಉದುರಿಸಿ ಹೋಗುವುದಿಲ್ಲ.

ತೀರ್ಥಹಳ್ಳಿಯ ಅಡಿಕೆ ಬೆಳೆಗಾರ: ನಾನು ಮೊದಲೇ ಹೇಳಿದೆನಲ್ಲ, ಮುಳ್ಳುಹಂದಿ. ತಗಡು ತಂದಿಡಿ.