ಸಹಾಯ ಬೇಕು: ಓರೆ ಗೋಡೆಗೆ ಅಂಟಿದ ಅಳತೆಯನ್ನು ಗೆರೆ ಕೆಡದಂತೆ ಸರಿಸುವುದು ಹೇಗೆ?

ನಮಸ್ಕಾರ. ಫ್ಲೋರ್ ಪ್ಲ್ಯಾನ್‌ನ ಮೂಲ ಕ್ಯಾಡ್ ಫೈಲ್ ಇಲ್ಲ, JPEG ಚಿತ್ರ ಮಾತ್ರ ಇದೆ. GIMPನಲ್ಲಿ ಬೆಡ್‌ರೂಮ್ ಎಂಬ ಹೆಸರನ್ನೂ ಅದರ ಕೆಳಗಿನ 12'×10' ಅಳತೆಯನ್ನೂ ಎಡಕ್ಕೆ ಸರಿಸಬೇಕು.

ಹೆಸರು ಖಾಲಿ ಜಾಗದಲ್ಲಿದ್ದದ್ದರಿಂದ ಸುಲಭವಾಯಿತು. ಅದನ್ನು ಆಯ್ದು ಹೊಸ ಲೇಯರ್‌ಗೆ ಹಾಕಿ ಮೋಡ್ Multiply ಮಾಡಿದರೆ ಅಕ್ಷರದ ಸುತ್ತಲಿನ ಬಿಳುಪು ಮಾಯವಾಗುತ್ತದೆ, ಕೆಳಗಿನ ಗೆರೆ ಹಾಗೇ ಕಾಣುತ್ತದೆ. ಆ ಲೇಯರ್‌ನ ಹಿನ್ನೆಲೆಯನ್ನು ಮೊದಲು Levelsನಲ್ಲಿ ಅಪ್ಪಟ ಬಿಳಿಗೆ ತರಬೇಕು, ಇಲ್ಲದಿದ್ದರೆ ಮಸುಕಾದ ಚೌಕ ಉಳಿಯುತ್ತದೆ. ಹಳೆಯ ಜಾಗಕ್ಕೆ ಮಾತ್ರ ಅಪ್ಪಟ ಬಿಳಿ ಬೇಡ. ಪಕ್ಕದ ಹಿನ್ನೆಲೆಯಿಂದಲೇ ಬಣ್ಣ ಎತ್ತಿ ತುಂಬದಿದ್ದರೆ ತೇಪೆ ಎದ್ದು ಕಾಣುತ್ತದೆ.

ತೊಡಕಿರುವುದು ಅಳತೆಯಲ್ಲಿ. ಕೊನೆಯ ಸೊನ್ನೆ ಓರೆ ಗೋಡೆಯ ಗೆರೆಗೆ ತಾಗಿದೆ. ಎರಡರ ಅಂಚಿನ ಬೂದು ಪಿಕ್ಸೆಲ್‌ಗಳು ಬೆರೆತಿರುವುದರಿಂದ Fuzzy Select ಸೊನ್ನೆಯ ಜೊತೆ ಇಡೀ ಗೋಡೆಯನ್ನೇ ಹಿಡಿಯುತ್ತದೆ. ಅಳಿಸಿದರೆ ಗೆರೆಯಲ್ಲಿ ಕಚ್ಚು ಬೀಳುತ್ತದೆ. ನೇರ ಗೋಡೆಯಾಗಿದ್ದರೆ ಅದರದೇ ಒಂದು ತುಂಡನ್ನು ನಕಲಿಸಿ ಮುಚ್ಚಿದರೆ ಸಾಕಿತ್ತು. ಇಲ್ಲಿ ಓರೆ ಗೆರೆಯ ಮೆಟ್ಟಿಲು ಪಿಕ್ಸೆಲ್‌ಗಳು ಹೊಂದದೆ ಜೋಡಣೆಯಲ್ಲಿ ಸಣ್ಣ ಮುರಿವು ಕಾಣುತ್ತದೆ. ಪಾತ್ ಎಳೆದು ಸ್ಟ್ರೋಕ್ ಮಾಡಿದರೆ ಆ ಭಾಗ ಉಳಿದ ಗೆರೆಗಿಂತ ಚೂಪಾಗುತ್ತದೆ.

ನಕಲಿಸಿದ ತುಂಡನ್ನು ಗೆರೆಯ ಇಳಿಜಾರಿಗೆ ಸರಿಯಾಗಿ, ಅಡ್ಡ ಇಷ್ಟು, ಕೆಳಗೆ ಇಷ್ಟು ಪೂರ್ಣ ಪಿಕ್ಸೆಲ್ ಎಂದು ಲೆಕ್ಕ ಹಾಕಿ ಸರಿಸುವ ಕ್ರಮ ಗೊತ್ತಿರುವವರು ತಿಳಿಸಿ. ಅಥವಾ ಸ್ಟ್ರೋಕ್‌ಗೆ ಎಷ್ಟು ಬ್ಲರ್ ಕೊಟ್ಟರೆ ಹಳೆಯ ಅಂಚಿಗೆ ಹೊಂದುತ್ತದೆ ಎಂದು ಅಳೆಯುವ ದಾರಿ ಇದೆಯೇ? ಗೋಡೆಯನ್ನೆಲ್ಲ ಹೊಸದಾಗಿ ಬರೆಯುವುದು ಬೇಡ, ದಪ್ಪ ಬದಲಾಗಿಬಿಡುತ್ತದೆ.