ಸಹಾಯ ಬೇಕು: ವಿಫಲ ಆರ್ಡರ್‌ಗಳಿಂದ ಆನ್‌ಲೈನ್ ಅಂಗಡಿಯ ದಾಸ್ತಾನು ತಪ್ಪುತ್ತಿದೆ

ನಮಸ್ಕಾರ. ಶಿರಸಿಯಲ್ಲಿರುವ ನಮ್ಮ ಅಪ್ಪೆಮಿಡಿ ಉಪ್ಪಿನಕಾಯಿ ಘಟಕದ ದಾಸ್ತಾನು ERPNext ನಲ್ಲಿದ್ದು, ಆನ್‌ಲೈನ್ ಅಂಗಡಿ WooCommerce ನಲ್ಲಿದೆ. ಎರಡನ್ನೂ ಎಪಿಐ ಮೂಲಕ ಒಂದು ಸಣ್ಣ ಮಿಡಲ್‌ವೇರ್ ಜೋಡಿಸುತ್ತದೆ.

ಇಆರ್‌ಪಿಯ ಉತ್ತರ ತಡವಾದಾಗ ಒಂದೇ ಆರ್ಡರ್ ಎರಡು ಸಲ ದಾಖಲಾಗುತ್ತಿದ್ದ ತೊಂದರೆ ಬಗೆಹರಿದಿದೆ; ಅಂಗಡಿಯ ಆರ್ಡರ್ ಸಂಖ್ಯೆಯನ್ನು `po_no` ದಲ್ಲಿ ಬರೆದು, ಮತ್ತೆ ಕಳುಹಿಸುವ ಮುನ್ನ ಅದೇ ಸಂಖ್ಯೆ ಆಗಲೇ ಇದೆಯೇ ಎಂದು ಹುಡುಕುತ್ತೇವೆ.

ತಲೆನೋವು ಬೇರೆಯೇ ಇದೆ. 40 ಜಾಡಿ ಇರುವಾಗ 6 ಜಾಡಿಗಳ ಆರ್ಡರ್ ಬಂದರೆ ಅಂಗಡಿ 34 ಎಂದು ತೋರಿಸುತ್ತದೆ. ಆದರೆ ವಿಳಾಸದಲ್ಲಿ ರಾಜ್ಯದ ಹೆಸರು ಹೊಂದದೆ ಇಆರ್‌ಪಿ ಆ ಆರ್ಡರನ್ನು ತಿರಸ್ಕರಿಸಿದರೆ, ಅದು ಮಿಡಲ್‌ವೇರ್‌ನ ವಿಫಲ ಆರ್ಡರ್‌ಗಳ ಸಾಲಿನಲ್ಲಿ ಉಳಿಯುತ್ತದೆ. ಇಆರ್‌ಪಿಯ ಲೆಕ್ಕದಲ್ಲಿ ಇನ್ನೂ 40 ಇರುವುದರಿಂದ ಮುಂದಿನ ಸಿಂಕ್ 34ನ್ನು ಅಳಿಸಿ 40 ಎಂದು ಬರೆಯುತ್ತದೆ. ಮಾರಿಹೋದ ಆರು ಜಾಡಿಗಳು ಹೀಗೆ ಮತ್ತೆ ಮಾರಾಟಕ್ಕೆ ಬರುತ್ತವೆ. ಮಳೆಗಾಲದಲ್ಲಿ ಕರೆಂಟು, ನೆಟ್ ಎರಡೂ ಕೈಕೊಟ್ಟಾಗ ಈ ಸಾಲು ಉದ್ದವಾಗುತ್ತದೆ.

ಇಆರ್‌ಪಿಯ ದಾಸ್ತಾನಿನಿಂದ ಕಾಯ್ದಿರಿಸಿದ್ದನ್ನೂ ವಿಫಲ ಸಾಲಿನಲ್ಲಿರುವುದನ್ನೂ ಕಳೆದು ಕಳುಹಿಸಬೇಕೆಂದಿದ್ದೇವೆ. ಇಆರ್‌ಪಿಯನ್ನು ಮೊದಲು ಓದಿದರೆ, ಅಷ್ಟರಲ್ಲಿ ಸಾಲಿನಿಂದ ಇಆರ್‌ಪಿಗೆ ಸೇರಿದ ಆರ್ಡರ್ ಎರಡೂ ಕಡೆ ತಪ್ಪಿಹೋಗುತ್ತದೆ. ಸಾಲನ್ನು ಮೊದಲು ಓದಿದರೆ ಎರಡು ಸಲ ಕಳೆದು 28 ಬರುತ್ತದೆ. ಇಲ್ಲದ್ದನ್ನು ಮಾರುವುದಕ್ಕಿಂತ ಎರಡನೆಯದೇ ವಾಸಿ ಎನಿಸುತ್ತದೆ. ಮುಂದಿನ ಸಿಂಕ್‌ನಲ್ಲಿ ಅದು ಸರಿಹೋಗುತ್ತದೆಂದು ಬಿಡಬಹುದೇ, ಅಥವಾ ಸಿಂಕ್ ಮುಗಿಯುವವರೆಗೆ ಆ ಸರಕಿನ ಮರುಪ್ರಯತ್ನವನ್ನು ತಡೆಹಿಡಿಯಬೇಕೇ? ಸಾಲಿನಲ್ಲಿರುವಾಗಲೇ ಗ್ರಾಹಕರು ರದ್ದುಮಾಡಿದ ಆರ್ಡರನ್ನು ನೀವು ಹೇಗೆ ತೆಗೆಯುತ್ತೀರಿ? ಇದನ್ನು ಮಾಡಿದವರು ದಯವಿಟ್ಟು ತಿಳಿಸಿ.